ಟೋಟಲ್ ಒಂದೇ ಇದ್ದರೂ ರಿಪೋರ್ಟ್ ಒಂದೇ ಅಲ್ಲ

ಪ್ರಶ್ನೆ: ನನಗೂ ಅಕ್ಕನಿಗೂ ಟೋಟಲ್ ಕೊಲೆಸ್ಟ್ರಾಲ್ 210. ನನ್ನ ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 200. ಅಕ್ಕನದು 70 ಮತ್ತು 100. ಡಾಕ್ಟರ್ ನನಗೆ ಮಾತ್ರ ಹುಷಾರು ಅಂದರು, ಯಾಕೆ?

ಕೊಲೆಸ್ಟ್ರಾಲ್ ಜಿಡ್ಡಿನಂಥದ್ದು, ರಕ್ತದಲ್ಲಿ ಕರಗುವುದಿಲ್ಲ. ಪ್ರೋಟೀನ್ ಸುತ್ತಿದ ಸಣ್ಣ ಕಣಗಳೊಳಗೆ ಕೂತು ಓಡಾಡುತ್ತದೆ. ಎಲ್‌ಡಿಎಲ್ ಕಣ ಜಾಸ್ತಿಯಾದರೆ ರಕ್ತನಾಳದ ಗೋಡೆಯೊಳಗೆ ನುಗ್ಗಿ ಅಲ್ಲೇ ಕೂತುಬಿಡುತ್ತದೆ. ಎಚ್‌ಡಿಎಲ್ ಒಂದಿಷ್ಟನ್ನು ಎತ್ತಿಕೊಂಡು ಲಿವರ್‌ಗೆ ವಾಪಸ್ ಒಯ್ಯುತ್ತದೆ.

ಈಗ ಟೋಟಲ್‌ನಲ್ಲಿ ಎಚ್‌ಡಿಎಲ್ ಕಳೆಯಿರಿ. ನಿಮಗೆ 172 ಉಳಿಯಿತು, ಅಕ್ಕನಿಗೆ 140. ಉಳಿದದ್ದೆಲ್ಲ ಗೋಡೆಗೆ ಅಂಟುವ ಬಾಬತ್ತು. ಇದು 130ರ ಒಳಗಿದ್ದರೆ ಒಳ್ಳೆಯದು, ಅಂದರೆ ಅಕ್ಕನೂ ಪೂರ್ತಿ ಪಾರಲ್ಲ! ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇದ್ದವರಿಗೆ ಇನ್ನೂ ಕಡಿಮೆ ಇರಬೇಕು.

ಎಷ್ಟೋ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅಳೆಯುವುದೇ ಇಲ್ಲ, ಲೆಕ್ಕ ಹಾಕುತ್ತಾರೆ. ಆ 172ರಲ್ಲಿ, ಟ್ರೈಗ್ಲಿಸರೈಡ್ ಎಂಬ ರಕ್ತದ ಇನ್ನೊಂದು ಕೊಬ್ಬಿನ ಐದನೇ ಒಂದು ಭಾಗ, ಅಂದರೆ 40 ಕಳೆದರೆ 132. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬಬೇಡಿ, ನೇರವಾಗಿ ಅಳೆಯಲು ಹೇಳಿ.

ಎಚ್‌ಡಿಎಲ್ ಏರಿಸಲು ಮಾತ್ರೆ ಹುಡುಕಬೇಡಿ. ಅಂಥ ಮಾತ್ರೆಗಳು ಅಂಕಿ ಏರಿಸಿದವು, ಹೃದಯಾಘಾತವನ್ನು ಹೇಳಿಕೊಳ್ಳುವಷ್ಟು ತಗ್ಗಿಸಲಿಲ್ಲ. ಇಳಿಸಬೇಕಾದ್ದು ಎಲ್‌ಡಿಎಲ್.