ಟೈಮ್ ಸರಿಯಾಗೇ ಇದೆ, ಆದ್ರೂ ಮ್ಯೂಸಿಕ್ ಆ್ಯಪ್ ಲಾಗಿನ್ ಆಗ್ತಿಲ್ಲ

ಪ್ರಶ್ನೆ: ಮ್ಯೂಸಿಕ್ ಆ್ಯಪ್ ಪದೇ ಪದೇ ಲಾಗಿನ್ ಕೇಳ್ತಿದೆ. ಒಟಿಪಿ ಹಾಕಿದ್ರೆ ಒಂದು ಕ್ಷಣ ಒಳಗೆ ಹೋಗಿ ವಾಪಸ್ ಬರುತ್ತೆ. ಡೌನ್‌ಲೋಡ್ ಮಾಡಿಟ್ಟ ಹಾಡಿಗೆ ಲೈಸೆನ್ಸ್ ಎರರ್. ಡೇಟ್, ಟೈಮ್ ನೋಡಿ ಅಂತಾರೆ, ಆದ್ರೆ ನನ್ನ ಫೋನಲ್ಲಿ ಟೈಮ್ ಸರಿಯಾಗೇ ಇದೆ. ಬ್ರೌಸರ್ ಕೂಡ ಚೆನ್ನಾಗಿದೆ. ಏನ್ ಮಾಡ್ಲಿ?

ಉತ್ತರ: ಟೈಮ್ ಜೊತೆಗೆ ಟೈಮ್ ಝೋನ್ ನೋಡಿದ್ರಾ? ಸೆಟ್ಟಿಂಗ್ಸ್‌ನಲ್ಲಿ Date & time ತೆರೆಯಿರಿ. ಅಲ್ಲಿ GMT+05:30 ಅಂತ ಇರಬೇಕು. ಬೇರೇನಾದರೂ ಇದ್ದರೆ ರೋಗ ಅಲ್ಲೇ ಇದೆ.

ನಾನು ಮಂಗಳೂರು ಕಡೆ ಮೊಬೈಲ್ ರಿಪೇರಿ ಮಾಡುವವನು. ಗಲ್ಫ್‌ನಿಂದ ರಜೆಗೆ ಬಂದವರ ಫೋನುಗಳಲ್ಲಿ ಇದನ್ನು ಆಗಾಗ ನೋಡುತ್ತೇನೆ. ದುಬೈ ಟೈಮ್ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಂದರೆ GMT+04:00. ಊರಿಗೆ ಬಂದ ಮೇಲೂ ಫೋನ್ ದುಬೈ ಟೈಮನ್ನೇ ತೋರಿಸುತ್ತಿದ್ದರೆ ಜನ ಏನು ಮಾಡುತ್ತಾರೆ? ಆಟೋಮ್ಯಾಟಿಕ್ ಆಫ್ ಮಾಡಿ, ಸುಮ್ನೆ ಕೈಯಲ್ಲೇ ಒಂದೂವರೆ ಗಂಟೆ ಮುಂದೆ ಇಡುತ್ತಾರೆ. ಝೋನ್ ಮುಟ್ಟುವುದಿಲ್ಲ. ಗೋಡೆ ಗಡಿಯಾರಕ್ಕೂ ಫೋನಿಗೂ ತಾಳೆ ಆಯ್ತಲ್ಲ, ಮುಗೀತು.

ಆದರೆ ಫೋನ್ ಒಳಗಿನ ಲೆಕ್ಕ ನಡೆಯುವುದು ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆಗಿರುವ ಮೂಲ ಟೈಮಿನಲ್ಲಿ. ಪರದೆಯ ಮೇಲಿನ ಟೈಮ್ ಅಂದರೆ ಆ ಯುಟಿಸಿಗೆ ಝೋನ್ ಕೂಡಿಸಿ ತೋರಿಸುವುದು, ಅಷ್ಟೇ. ಸಂಜೆ 7:30 ಆಗಿದೆ ಅನ್ನಿ. ನಿಜವಾದ ಯುಟಿಸಿ ಮಧ್ಯಾಹ್ನ 2:00. ದುಬೈ ಝೋನ್‌ನಲ್ಲೇ ಇದ್ದು 7:30 ತೋರಿಸುವ ಫೋನ್, ಅದರಲ್ಲಿ 4 ಗಂಟೆ ಕಳೆದು ಯುಟಿಸಿ 3:30 ಅಂದುಕೊಳ್ಳುತ್ತದೆ. ಅಲ್ಲಿಗೆ ಒಂದೂವರೆ ಗಂಟೆ ಮುಂದೆ ಓಡುತ್ತಿದೆ, ನೋಡುವವರಿಗೆ ಮಾತ್ರ ಸರಿಯಾಗಿಯೇ ಕಾಣುತ್ತದೆ.

ಈಗ ಲಾಗಿನ್ ನೋಡಿ. ನಿಮ್ಮ ಒಟಿಪಿಯನ್ನು ಸರ್ವರ್ ತನ್ನ ಗಡಿಯಾರ ನೋಡಿ ಒಪ್ಪುತ್ತದೆ, ಅದಕ್ಕೇ ಒಂದು ಕ್ಷಣ ಒಳಗೆ ಹೋಗುತ್ತೀರಿ. ಒಪ್ಪಿದ ಮೇಲೆ ಅದು ಆ್ಯಪ್‌ಗೆ ಒಂದು ಟೋಕನ್ ಕೊಡುತ್ತದೆ, ಬಸ್ ಪಾಸ್ ಇದ್ದ ಹಾಗೆ, ಅದರ ಮೇಲೆ ಯಾವಾಗ ಮುಗಿಯುತ್ತದೆ ಅಂತ ಬರೆದಿರುತ್ತದೆ. ಒಂದು ಗಂಟೆಯ ಟೋಕನ್ ತುಂಬಾ ಸಾಮಾನ್ಯ. 2:00ಕ್ಕೆ ಕೊಟ್ಟದ್ದು 3:00ಕ್ಕೆ ಮುಗಿಯಬೇಕು. ನಿಮ್ಮ ಫೋನಿನ ಪ್ರಕಾರ ಆಗಲೇ 3:30. ಕೈಗೆ ಬರುವಾಗಲೇ ಅವಧಿ ಮುಗಿದ ಟೋಕನ್! ಆ್ಯಪ್ ಅದನ್ನು ಬಿಸಾಡಿ ಮತ್ತೆ ಲಾಗಿನ್ ಪೇಜಿಗೆ ತಂದು ಬಿಡುತ್ತದೆ. ಎಲ್ಲಾ ಆ್ಯಪ್‌ಗಳೂ ಫೋನಿನ ಗಡಿಯಾರ ನೋಡಿ ಟೋಕನ್ ಅಳೆಯುವುದಿಲ್ಲ. ಹಾಗಾಗಿ ಉಳಿದವು ಆರಾಮಾಗಿ ನಡೆಯುತ್ತವೆ, ಒಂದು ಮಾತ್ರ ಕೈ ಕೊಡುತ್ತದೆ.

ಬ್ರೌಸರ್ ಯಾಕೆ ಗಲಾಟೆ ಮಾಡಲಿಲ್ಲ? ವೆಬ್‌ಸೈಟ್‌ಗಳ ಸರ್ಟಿಫಿಕೇಟಿಗೂ, ಅಂದರೆ ಸೈಟ್ ಅಸಲಿ ಅಂತ ತೋರಿಸುವ ಗುರುತಿಗೂ, ಶುರು ಮತ್ತು ಕೊನೆಯ ದಿನಾಂಕ ಇರುತ್ತದೆ, ಆದರೆ ಅದರ ಆಯಸ್ಸು ವಾರ, ತಿಂಗಳುಗಳ ಲೆಕ್ಕ. ಒಂದೂವರೆ ಗಂಟೆ ಹೆಚ್ಚುಕಮ್ಮಿ ಆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಇಸವಿಯೋ ತಿಂಗಳೋ ತಪ್ಪಿದ್ದರೆ ಕ್ರೋಮ್‌ನಲ್ಲಿ NET::ERR_CERT_DATE_INVALID ಬರುತ್ತಿತ್ತು. ಅದು ಬಂದಿಲ್ಲ ಅಂದರೆ ತಪ್ಪು ಗಂಟೆಗಳಲ್ಲಿದೆ ಅಂತ ನನ್ನ ಅಂದಾಜು.

ಲೈಸೆನ್ಸ್ ಎರರ್ ಇದರದ್ದೇ ಬಾಲ. ಡೌನ್‌ಲೋಡ್ ಮಾಡಿದ ಹಾಡಿಗೆ ಅವಧಿ ಇರುವ ಲೈಸೆನ್ಸ್ ಇರುತ್ತದೆ. 30 ದಿನಕ್ಕೊಮ್ಮೆಯಾದರೂ ಆನ್‌ಲೈನ್ ಬಂದು ನವೀಕರಿಸಿಕೊಳ್ಳಬೇಕು ಅನ್ನುವ ಆ್ಯಪ್‌ಗಳಿವೆ. ಲಾಗಿನ್ನೇ ನಿಲ್ಲದಿದ್ದರೆ ನವೀಕರಣ ಎಲ್ಲಿಂದ ಆಗಬೇಕು? ಇದ್ದ ಅವಧಿ ಮುಗಿಯುವವರೆಗೆ ಹಾಡು ಬರುತ್ತದೆ, ಆಮೇಲೆ ಎರರ್.

ಸರಿಪಡಿಸುವಾಗ ಮೊದಲು ಝೋನ್ ಮಾತ್ರ ಬದಲಿಸಿ. ಪಟ್ಟಿಯಲ್ಲಿ ಕೋಲ್ಕತ್ತಾ ಅಥವಾ India Standard Time ಆರಿಸಿ. ಮೇಲಿನ ಉದಾಹರಣೆಯ ಫೋನ್ ಆದರೆ 7:30 ಇದ್ದದ್ದು ತಟ್ಟಂತ 9:00 ಆಗುತ್ತದೆ. ಗಾಬರಿ ಬೇಡ, ಇಷ್ಟು ದಿನ ಅಡಗಿದ್ದ ತಪ್ಪು ಈಗ ಕಣ್ಣಿಗೆ ಬಿತ್ತು ಅಷ್ಟೇ. ಆಮೇಲೆ ಇಂಟರ್ನೆಟ್ ಇರುವಾಗ ಟೈಮನ್ನು ಆಟೋಮ್ಯಾಟಿಕ್‌ಗೆ ಹಾಕಿ, 7:30ಕ್ಕೆ ವಾಪಸ್ ಬರುತ್ತದೆ. ಝೋನ್‌ನ ಆಟೋಮ್ಯಾಟಿಕ್ ಸ್ವಿಚ್ ಬೇರೆಯೇ ಇರುತ್ತದೆ, ಅದನ್ನೂ ಆನ್ ಮಾಡಿ. ಸಿಮ್ ಇಲ್ಲದೆ ಬರೀ ವೈಫೈಯಲ್ಲಿ ಬಳಸುವ ಫೋನಿಗೆ ಕೆಲವೊಮ್ಮೆ ಝೋನ್ ತಾನಾಗಿ ಸಿಗುವುದಿಲ್ಲ, ಅದರಲ್ಲಿ ಕೈಯಲ್ಲೇ ಇಟ್ಟು ಬಿಡಿ.

ನಂತರ ಫೋನ್ ರೀಸ್ಟಾರ್ಟ್ ಮಾಡಿ ಲಾಗಿನ್ ಆಗಿ. ಡೌನ್‌ಲೋಡ್ ಆದ ಒಂದು ಹಾಡನ್ನು ನೆಟ್ ಆನ್ ಇಟ್ಟುಕೊಂಡೇ ಹಾಕಿ ನೋಡಿ. ಇದೆಲ್ಲ ಮಾಡುವ ಮುಂಚೆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡುವುದು, ಡೇಟಾ ಕ್ಲಿಯರ್ ಮಾಡುವುದು ಬೇಡ. ಡೌನ್‌ಲೋಡ್‌ಗಳೆಲ್ಲ ಹೋಗುತ್ತವೆ, ತಪ್ಪು ಗಡಿಯಾರ ಮಾತ್ರ ಹಾಗೇ ಉಳಿಯುತ್ತದೆ.

ಝೋನ್ ಮೊದಲಿಂದಲೂ GMT+05:30 ಇದ್ದು, ಆಟೋಮ್ಯಾಟಿಕ್ ಕೂಡ ಆನ್ ಇದ್ದರೆ ಗಡಿಯಾರವನ್ನು ಬಿಟ್ಟುಬಿಡಿ. ಪ್ಲಾನ್ ಮುಗಿದಿದೆಯಾ, ಒಂದೇ ಅಕೌಂಟಲ್ಲಿ ಜಾಸ್ತಿ ಫೋನ್ ಸೇರಿಕೊಂಡಿವೆಯಾ ಅಂತ ನೋಡಿ.