ಬಡ್ಡಿ ಶೇ 0.15 ಕಡಿಮೆ ಇದ್ದರೆ ಆ ಗೃಹಸಾಲವೇ ಅಗ್ಗವೇ?

ಪ್ರಶ್ನೆ: ಸರ್, ಮನೆ ಕಟ್ಟಲು 40 ಲಕ್ಷ ರೂಪಾಯಿ ಸಾಲಕ್ಕೆ ಎರಡು ಕಡೆ ಕೇಳಿದ್ದೇನೆ. ಎರಡೂ 20 ವರ್ಷಕ್ಕೆ. ಬ್ಯಾಂಕಿನವರು ರೆಪೊ ಆಧಾರಿತ ಫ್ಲೋಟಿಂಗ್ ದರ ಶೇ 8.50 ಎನ್ನುತ್ತಾರೆ, ಪ್ರೊಸೆಸಿಂಗ್ ಫೀ 10,000 ಮತ್ತು ಜಿಎಸ್‌ಟಿ. ಹೌಸಿಂಗ್ ಫೈನಾನ್ಸ್ ಕಂಪನಿಯವರು ಶೇ 8.35 ಹೇಳಿದ್ದಾರೆ, ಮೊದಲ 3 ವರ್ಷ ಸ್ಥಿರ, ಆಮೇಲೆ ಫ್ಲೋಟಿಂಗ್. ಅಲ್ಲಿ ಫೀ ಶೇ 1 ಮತ್ತು ಜಿಎಸ್‌ಟಿ. ಜೊತೆಗೆ ಸಾಲಕ್ಕೆ ವಿಮೆ ಅಂತ 85,000 ರೂ. ಇದೆ, ಅದನ್ನು ಸಾಲಕ್ಕೇ ಸೇರಿಸಿಕೊಳ್ಳುತ್ತಾರಂತೆ. ಸ್ಥಿರ ದರದ ಅವಧಿಯಲ್ಲಿ ಮುಂಚಿತವಾಗಿ ಕಟ್ಟಿದರೆ ಶೇ 2 ಮತ್ತು ಜಿಎಸ್‌ಟಿ ಶುಲ್ಕ. ಎರಡು ವರ್ಷದಲ್ಲಿ ಊರಿನ ಸೈಟು ಮಾರಿ 10 ಲಕ್ಷ ಕಟ್ಟುವ ಯೋಚನೆ ಇದೆ. ಬಡ್ಡಿ ಕಡಿಮೆ ಇರುವ ಕಡೆ ಹೋಗುವುದೇ ಸರಿ ಅಲ್ಲವೇ?
– ಶಿಕ್ಷಕರು, ತುಮಕೂರು

ಉತ್ತರ: ನೀವು ಬರೆದಿರುವ ಷರತ್ತುಗಳಲ್ಲಿ ಬ್ಯಾಂಕಿನ ಸಾಲವೇ ನಿಮಗೆ ಅಗ್ಗ. ಕಾರಣ ನಿಮ್ಮ ಪತ್ರದ ಕೊನೆಯಲ್ಲೇ ಇದೆ: ಎರಡು ವರ್ಷಕ್ಕೆ 10 ಲಕ್ಷ ಕಟ್ಟುತ್ತೀರಿ. ಆ ದಿನದವರೆಗೆ ಎಲ್ಲಿ ಎಷ್ಟು ದುಡ್ಡು ಕೈಬಿಡುತ್ತದೆ ಎಂದು ಮೊದಲು ನೋಡೋಣ. ಬ್ಯಾಂಕಿನ ದರ ಅಲ್ಲಿಯವರೆಗೆ ಬದಲಾಗುವುದಿಲ್ಲ ಎಂದೇ ಲೆಕ್ಕ ಹಾಕುತ್ತೇನೆ.

ಬ್ಯಾಂಕಿನಲ್ಲಿ ಇಎಂಐ ಸುಮಾರು 34,713 ರೂ., ಕಂಪನಿಯಲ್ಲಿ 34,334 ರೂ. ತಿಂಗಳಿಗೆ 379 ರೂಪಾಯಿ ಉಳಿತಾಯ ಎಂದು ಅವರು ತೋರಿಸಿರಬಹುದು. ಎರಡು ವರ್ಷದಲ್ಲಿ ಬಡ್ಡಿಯಲ್ಲಿ ಉಳಿಯುವುದು ಒಟ್ಟು ಸುಮಾರು 12,000 ರೂ. ಈಗ ಫೀ ನೋಡಿ. ಬ್ಯಾಂಕಿಗೆ ಜಿಎಸ್‌ಟಿ ಸೇರಿ 11,800, ಕಂಪನಿಗೆ 47,200. ಅಂದರೆ 12,000 ಉಳಿಸಲು ಮೊದಲ ದಿನವೇ 35,400 ಹೆಚ್ಚು ಕೊಟ್ಟಿರುತ್ತೀರಿ. ಸೈಟು ಮಾರಿದ 10 ಲಕ್ಷ ಕಟ್ಟಲು ಹೋದಾಗ ಶೇ 2ರಂತೆ 20,000, ಜಿಎಸ್‌ಟಿ ಸೇರಿದರೆ 23,600 ಮತ್ತೆ ಹೋಗುತ್ತದೆ. ಎಲ್ಲ ಕೂಡಿಸಿ ಕಳೆದರೆ ಆ ದಿನಕ್ಕೆ ಕಂಪನಿಯ ಸಾಲ ಸುಮಾರು 47,000 ರೂ. ದುಬಾರಿ. ಶುಲ್ಕ ತಪ್ಪಿಸಲು ಮೂರು ವರ್ಷ ತುಂಬುವವರೆಗೆ ಕಾದರೂ ಬಡ್ಡಿಯ ಉಳಿತಾಯ 18,000ದ ಆಸುಪಾಸು ಬರುತ್ತದೆ, ಹೆಚ್ಚು ಕೊಟ್ಟ ಫೀಯ ಅರ್ಧ ಮಾತ್ರ.

ಇದರಲ್ಲಿ ವಿಮೆ ಸೇರಿಲ್ಲ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದಷ್ಟು ಕಾಲ ಜನ ಹೆಚ್ಚು ಮೋಸಹೋದದ್ದನ್ನು ಕಂಡಿದ್ದು ಇಲ್ಲೇ. 85,000 ಕೈಯಿಂದ ಕೊಡಬೇಕಿಲ್ಲವಲ್ಲ ಎಂದು ಸಹಿ ಹಾಕುತ್ತಾರೆ. ಆದರೆ ಅದು ಸಾಲಕ್ಕೆ ಸೇರಿದ ಮೇಲೆ 20 ವರ್ಷ ಬಡ್ಡಿ ತಿನ್ನುತ್ತದೆ. ಅದೊಂದಕ್ಕೇ ತಿಂಗಳ ಕಂತು ಸುಮಾರು 730 ರೂ., ಅವಧಿ ಮುಗಿಯುವಷ್ಟರಲ್ಲಿ 1.75 ಲಕ್ಷ. ದರ ಕಡಿಮೆಯಾಗಿ ಉಳಿದದ್ದು 379, ವಿಮೆಯಿಂದ ಏರಿದ್ದು 730. ಹಾಗಾಗಿ ಶೇ 8.35ರ ಸಾಲದ ನಿಜವಾದ ಇಎಂಐ 35,064 ಆಗಿ, ಶೇ 8.50ರ ಸಾಲದ ಇಎಂಐಗಿಂತ ಮೇಲೆ ಹೋಗುತ್ತದೆ. ಮನೆಯವರ ಭದ್ರತೆಗೆ ವಿಮೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಟರ್ಮ್ ಪಾಲಿಸಿಯಾಗಿ ಬೇರೆಯೇ ಮಾಡಿಸಿ, ವರ್ಷವರ್ಷ ಪ್ರೀಮಿಯಂ ಕಟ್ಟಿ. ಸಾಲ ಬೇರೆ ಕಡೆ ವರ್ಗಾಯಿಸಿದರೂ ಆ ಪಾಲಿಸಿ ನಿಮ್ಮದಾಗಿಯೇ ಇರುತ್ತದೆ. ಕಂಪನಿಯವರಿಗೆ ‘ವಿಮೆ ಬೇಡ’ ಎಂದು ಹೇಳಿ, ಆಗಲೂ ದರ ಶೇ 8.35 ಇರುತ್ತದೆಯೇ ಎಂದು ಬರಹದಲ್ಲಿ ಕೇಳಿ.

ಈ ಲೆಕ್ಕಕ್ಕೆ ಆಧಾರ ಸಿಗುವುದು ಸಾಲದ ದರ, ಶುಲ್ಕಗಳನ್ನೆಲ್ಲ ಒಂದೆಡೆ ಬರೆದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಪತ್ರದಲ್ಲಿ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು, ಹೌಸಿಂಗ್ ಫೈನಾನ್ಸ್ ಕಂಪನಿಗಳು ಎಲ್ಲರೂ ಇದನ್ನು ಸಹಿಗೆ ಮೊದಲೇ, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಕನ್ನಡದಲ್ಲೇ ಕೇಳಿ. ಕೊಟ್ಟ ಮೇಲೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಸಿಗುತ್ತದೆ. ಅದರಲ್ಲಿ ಕಾಣಿಸದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ.

ಅದರಲ್ಲಿ ‘ಎಪಿಆರ್’ ಎಂಬ ಒಂದು ಅಂಕಿ ಇರುತ್ತದೆ. ಫೀ, ವಿಮೆ ಎಲ್ಲವನ್ನೂ ಸೇರಿಸಿದರೆ ವರ್ಷಕ್ಕೆ ಎಷ್ಟು ಶೇಕಡಾ ಬೀಳುತ್ತದೆ ಎನ್ನುವುದು ಅದು. ನೀವು ಕೊಟ್ಟ ವಿವರದಂತೆ ಬ್ಯಾಂಕಿನದು ಸುಮಾರು 8.54, ವಿಮೆ ಸೇರಿದರೆ ಕಂಪನಿಯದು 8.80ರ ಹತ್ತಿರ ಬರುತ್ತದೆ. ವಿಮೆ ತೆಗೆಸಿದರೆ ಕಂಪನಿಯದು 8.51ಕ್ಕೆ ಇಳಿದು ಮತ್ತೆ ಅದೇ ಅಗ್ಗ ಎಂದು ಕಾಣುತ್ತದೆ. ಇಲ್ಲಿ ಎಚ್ಚರ ಬೇಕು. ಎಪಿಆರ್ ಲೆಕ್ಕ ಮಾಡುವಾಗ ನೀವು ಪೂರ್ತಿ 20 ವರ್ಷ ಕಂತು ಕಟ್ಟುತ್ತೀರಿ ಎಂದು ಹಿಡಿದು, ಮೊದಲ ದಿನದ ಫೀಯನ್ನು ಅಷ್ಟೂ ವರ್ಷಕ್ಕೆ ಹಂಚಿರುತ್ತಾರೆ. ಬೇಗ ತೀರಿಸುವವರಿಗೆ ಅದೇ ಫೀ ಭಾರವಾಗುತ್ತದೆ, ಮುಂಚಿತ ಪಾವತಿಯ ಶುಲ್ಕವಂತೂ ಆ ಅಂಕಿಯೊಳಗೆ ಬರುವುದೇ ಇಲ್ಲ.

ಆ ಶುಲ್ಕದ ಬಗ್ಗೆ ನಿಯಮ ಹೀಗಿದೆ. 2026ರ ಜನವರಿ 1ರಿಂದ ಮಂಜೂರಾಗುವ ಫ್ಲೋಟಿಂಗ್ ದರದ ಗೃಹಸಾಲವನ್ನು ಮುಂಚಿತವಾಗಿ ಕಟ್ಟಲು ಶುಲ್ಕವಿಲ್ಲ. ದುಡ್ಡು ಸೈಟಿನದೋ, ಬೇರೆ ಬ್ಯಾಂಕಿನ ಸಾಲದ್ದೋ ಎಂದು ಕೇಳುವಂತಿಲ್ಲ, ಇಷ್ಟು ತಿಂಗಳು ಕಾಯಬೇಕು ಎನ್ನುವಂತೆಯೂ ಇಲ್ಲ. ಸ್ಥಿರ ಮತ್ತು ಫ್ಲೋಟಿಂಗ್ ಎರಡೂ ಬೆರೆತ ಸಾಲದಲ್ಲಿ ನೀವು ಕಟ್ಟುವ ದಿನ ಯಾವ ದರ ನಡೆಯುತ್ತಿದೆ ಎನ್ನುವುದೇ ಮುಖ್ಯ. ನಿಮ್ಮ ಎರಡನೇ ವರ್ಷ ಸ್ಥಿರ ದರದೊಳಗೆ ಬೀಳುವುದರಿಂದ ಫ್ಲೋಟಿಂಗ್ ಸಾಲದ ಈ ವಿನಾಯಿತಿ ಆಗ ನಿಮಗೆ ಸಿಗುವುದಿಲ್ಲ.

ಮೂರು ವರ್ಷದ ನಂತರದ ಮಾತನ್ನೂ ಹೇಳಿಬಿಡುತ್ತೇನೆ. ಬ್ಯಾಂಕಿನ ದರ ರೆಪೊಗೆ ಕಟ್ಟಿಕೊಂಡಿದೆ, ರೆಪೊ ಇಳಿದರೆ ಕನಿಷ್ಠ ಮೂರು ತಿಂಗಳಿಗೊಮ್ಮೆ ಅದು ನಿಮ್ಮ ಖಾತೆಗೂ ಬರಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ಕಟ್ಟು ಇಲ್ಲ, ಅವು ತಮ್ಮದೇ ಮೂಲದರ ಇಟ್ಟುಕೊಳ್ಳಬಹುದು. ಆದ್ದರಿಂದ ‘ಮೂರು ವರ್ಷದ ಹಿಂದೆ ಇದೇ ಯೋಜನೆಯಲ್ಲಿ ಸಾಲ ತೆಗೆದುಕೊಂಡವರು ಇವತ್ತು ಎಷ್ಟು ಬಡ್ಡಿ ಕಟ್ಟುತ್ತಿದ್ದಾರೆ?’ ಎಂದು ಕೇಳಿ. ಇವತ್ತಿನ ಹೊಸ ಗಿರಾಕಿಯ ದರಕ್ಕಿಂತ ಅದು ತುಂಬಾ ಮೇಲಿದ್ದರೆ ನಾಳೆ ನಿಮಗೂ ಅದೇ ಆದೀತು.

ಕಂಪನಿಯವರು ಫೀಯನ್ನು 10,000ಕ್ಕೆ ಇಳಿಸಿ, ವಿಮೆ ಕೈಬಿಟ್ಟು, 10 ಲಕ್ಷದ ಮೇಲಿನ ಶುಲ್ಕ ಮನ್ನಾ ಎಂದು ಸ್ಯಾಂಕ್ಷನ್ ಲೆಟರ್‌ನಲ್ಲೇ ಬರೆದುಕೊಟ್ಟರೆ ಆಗ ಮತ್ತೆ ಯೋಚಿಸಬಹುದು. ಏಜೆಂಟರ ಬಾಯಿಮಾತು, ವಾಟ್ಸ್‌ಆ್ಯಪ್ ಸಂದೇಶ ನಂಬಿಕೊಳ್ಳಬೇಡಿ.

ಇನ್ನು ಆ 10 ಲಕ್ಷ. ಬ್ಯಾಂಕಿನ ಸಾಲ ಹಾಗೇ 20 ವರ್ಷ ನಡೆದರೆ ಬಡ್ಡಿಯೇ 43.3 ಲಕ್ಷ. ಎರಡು ವರ್ಷಕ್ಕೆ 10 ಲಕ್ಷ ಕಟ್ಟಿ, ಇಎಂಐಯನ್ನು ಈಗಿನ 34,713ರಲ್ಲೇ ಉಳಿಸಿಕೊಂಡರೆ ಸಾಲ 12 ವರ್ಷ ದಾಟಿ ಎರಡು ಮೂರು ತಿಂಗಳಲ್ಲಿ ತೀರುತ್ತದೆ, ಒಟ್ಟು ಬಡ್ಡಿ 20.8 ಲಕ್ಷದ ಹತ್ತಿರ. ಅದೇ 10 ಲಕ್ಷ ಕಟ್ಟಿ ಇಎಂಐ ಇಳಿಸಿಕೊಂಡರೆ ತಿಂಗಳ ಕಂತು 25,658 ಆಗುತ್ತದೆ, ಆದರೆ ಬಡ್ಡಿ 33.7 ಲಕ್ಷ ದಾಟುತ್ತದೆ. ಮಧ್ಯದ ಅಂತರ ಸುಮಾರು 13 ಲಕ್ಷ. ಸಂಬಳದಲ್ಲಿ ಕಂತು ತೂಗಿಸಬಲ್ಲಿರಾದರೆ ಚೆಕ್ಕಿನ ಜೊತೆ ‘ಇಎಂಐ ಹಾಗೇ ಇರಲಿ, ಅವಧಿ ಕಡಿಮೆ ಮಾಡಿ’ ಎಂಬ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಾರದೊಳಗೆ ಹೊಸ ಕಂತಿನ ಪಟ್ಟಿ ತೆಗೆಸಿ, ಅದರಲ್ಲಿ ಕೊನೆಯ ಕಂತು ಯಾವ ತಿಂಗಳಿಗಿದೆ ಎಂದು ನೋಡಿ.