ಕೆಎಸ್‌ಕೆ ರೋಲ್‌ಓವರ್: ಡಿಎಸ್ ಯಾವಾಗ ಬದಲಾಯಿಸೋದು?

> "ಹೊಸ ಕೆಎಸ್‌ಕೆ ಮಾಡಿದೀನಿ, ರಿಜಿಸ್ಟ್ರಾರ್ ಹತ್ರ ಡಿಎಸ್ ಈಗ್ಲೇ ಬದಲಾಯಿಸ್ಬಹುದಾ? ಹಳೇ ಕೀ ಯಾವಾಗ ತೆಗೀಲಿ?"

ಈಗ್ಲೇ ಬೇಡ. ಡಿಎನ್ಎಸ್‌ಸೆಕ್‌ನಲ್ಲಿ ಕೆಎಸ್‌ಕೆ ಅಂದ್ರೆ ಝೋನ್‌ನ ಕೀಗಳ ಪಟ್ಟಿಗೆ, ಅಂದ್ರೆ ಡಿಎನ್ಎಸ್‌ಕೀ ಸೆಟ್‌ಗೆ, ಸಹಿ ಹಾಕೋ ಕೀ; ಡಿಎಸ್ ಅಂದ್ರೆ ಆ ಕೀನ ಗುರುತಿಸೋಕೆ ಮೇಲಿನ ಪೇರೆಂಟ್ ಝೋನ್‌ನಲ್ಲಿರೋ ದಾಖಲೆ. ಮೊದ್ಲು ಹೊಸ ಕೀನ ಝೋನ್‌ಗೆ ಹಾಕಿ, ಹಳೇದು ಹೊಸದು ಎರಡರಿಂದ್ಲೂ ಡಿಎನ್ಎಸ್‌ಕೀ ಸೆಟ್‌ಗೆ ಸೈನ್ ಮಾಡ್ಸಿ, ಸೆಕೆಂಡರಿ ಸರ್ವರ್‌ಗಳಿಗೆಲ್ಲಾ ಅದು ತಲುಪಿದ ಮೇಲೆ ಡಿಎನ್ಎಸ್‌ಕೀಯ ಟಿಟಿಎಲ್ ಪೂರ್ತಿ ಕಾಯಿರಿ. ಯಾಕಂದ್ರೆ ಹಳೇ ಸೆಟ್ ಕ್ಯಾಶ್‌ನಲ್ಲಿಟ್ಕೊಂಡಿರೋ ರಿಸಾಲ್ವರ್‌ಗೆ ಹೊಸ ಡಿಎಸ್ ಸಿಕ್ಕಿದ್ರೆ ಅದಕ್ಕೆ ಹೊಂದೋ ಕೀ ಕಾಣಲ್ಲ, SERVFAIL ಬರುತ್ತೆ.

ಆಮೇಲೆ ಡಿಎಸ್ ಬದಲಾಯಿಸಿ. ಎಲ್ರೂ ಎಡವೋದು ಇಲ್ಲೇ, ರಿಜಿಸ್ಟ್ರಾರ್ ಪೇಜಲ್ಲಿ "ಸೇವ್ ಆಯ್ತು" ಅಂತ ಬಂದ ತಕ್ಷಣ ಗಡಿಯಾರ ಶುರು ಮಾಡ್ತಾರೆ, ಆದ್ರೆ ಲೆಕ್ಕಕ್ಕೆ ಬರೋದು ಪೇರೆಂಟ್ ಸರ್ವರ್‌ಗಳಲ್ಲಿ ಹೊಸ ಡಿಎಸ್ ಕಂಡ ಹೊತ್ತು. ಅಲ್ಲಿಂದ ಹಳೇ ಡಿಎಸ್‌ನ ಟಿಟಿಎಲ್ ಪೂರ್ತಿ ಕಳೆದ ಮೇಲೇ ಹಳೇ ಕೀ ತೆಗೀಬೇಕು. ಡಾಟ್ ಕಾಮ್ ಆದ್ರೆ ಅವ್ರನ್ನೇ ನೇರವಾಗಿ ಕೇಳಿ:

```
dig +norec DS example.com @a.gtld-servers.net
```

ಉತ್ತರದಲ್ಲಿ ಮೊದ್ಲ ನಂಬರ್ ಟಿಟಿಎಲ್, DS ಅನ್ನೋದರ ಪಕ್ಕದ್ದು ಕೀ ಟ್ಯಾಗ್. ಅದು ನಿಮ್ಮ ಹೊಸ ಕೀದೇನಾ ನೋಡಿ, ಉಳಿದ ಪೇರೆಂಟ್ ಸರ್ವರ್‌ಗಳನ್ನೂ ಕೇಳಿ.

ಉದಾಹರಣೆಗೆ ಡಿಎನ್ಎಸ್‌ಕೀ ಟಿಟಿಎಲ್ 3600, ಡಿಎಸ್‌ದು 86400 ಸೆಕೆಂಡ್, ಅಂದ್ರೆ ಒಂದು ಗಂಟೆ ಮತ್ತು ಒಂದು ದಿನ ಅಂದ್ಕೊಳ್ಳಿ. ಸೋಮವಾರ ಬೆಳಿಗ್ಗೆ 10ಕ್ಕೆ ಹೊಸ ಕೀ ಎಲ್ಲಾ ಸರ್ವರ್‌ಗೂ ಬಂತು, 11ರ ನಂತರ ಡಿಎಸ್ ಬದಲಾಯಿಸಿದ್ರಿ, ಪೇರೆಂಟಲ್ಲಿ ಅದು ಕಂಡಿದ್ದು ಮಧ್ಯಾಹ್ನ 3ಕ್ಕೆ. ಹಾಗಾದ್ರೆ ಹಳೇ ಕೀ ಮಂಗಳವಾರ 3 ಗಂಟೆವರೆಗೂ ಇರ್ಲೇಬೇಕು, ನಾನಾದ್ರೆ ಬುಧವಾರದವರೆಗೂ ಮುಟ್ಟಲ್ಲ, ಇನ್ನೊಂದು ದಿನ ಇದ್ರೆ ಏನೂ ನಷ್ಟ ಇಲ್ಲ. ಬೇಗ ತೆಗೆದ್ರೆ ಮಾತ್ರ ಹಳೇ ಡಿಎಸ್ ಹಿಡ್ಕೊಂಡಿರೋ ಕೆಲವು ರಿಸಾಲ್ವರ್‌ಗಳಲ್ಲಷ್ಟೇ ಸೈಟ್ ಬೀಳುತ್ತೆ, ನಿಮ್ಮ ಕಡೆ ಎಲ್ಲಾ ಸರಿಯಾಗೇ ಕಾಣ್ತಿರುತ್ತೆ. ಹಾಗೇನಾದ್ರೂ ಆದ್ರೆ ಆ ರಿಸಾಲ್ವರನ್ನೇ ಕೇಳೋ ಹಾಗೆ `dig +cd` ಹಾಕಿ ನೋಡಿ, ಅದ್ರಲ್ಲಿ ಉತ್ತರ ಬಂದು ಬರೀ `dig`ನಲ್ಲಿ SERVFAIL ಬಂದ್ರೆ ತೊಂದ್ರೆ ವ್ಯಾಲಿಡೇಶನ್‌ದೇ, ಹಳೇ ಕೀನ ಸಹಿ ಸಮೇತ ವಾಪಸ್ ಹಾಕಿ.